ಚಾಟ್ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಇದೆ. ಕೀಲಿ ಯಾರ ಕೈಯಲ್ಲಿದೆ?

2025ರ ನವೆಂಬರ್ 4ರಿಂದ ಓಪನ್‌ಎಐ ಸಂಸ್ಥೆ ಭಾರತದ ಬಳಕೆದಾರರಿಗೆ ಚಾಟ್‌ಜಿಪಿಟಿ ಗೋ ಚಂದಾವನ್ನು ಒಂದು ವರ್ಷ ಉಚಿತವಾಗಿ ಕೊಟ್ಟಿತು. ಅದಕ್ಕೂ ಮೊದಲು ಏರ್‌ಟೆಲ್ ಗ್ರಾಹಕರಿಗೆ ಪರ್ಪ್ಲೆಕ್ಸಿಟಿ, ಜಿಯೊ ಗ್ರಾಹಕರಿಗೆ ಜೆಮಿನಿ ಉಚಿತವಾಗಿ ಸಿಕ್ಕಿದ್ದವು. ಪುಣೆಯಲ್ಲಿ ನನಗೆ ಪರಿಚಯವಿರುವ ಕನ್ನಡಿಗರಲ್ಲಿ ಇವುಗಳಲ್ಲಿ ಒಂದನ್ನಾದರೂ ಕಚೇರಿ ಕೆಲಸಕ್ಕೆ ಬಳಸದವರು ಕಡಿಮೆ. ಬಳಕೆ ಹೆಚ್ಚಿದಂತೆ ಚಾಟ್‌ಗಳ ರಾಶಿಯೂ ಬೆಳೆಯಿತು. ಕಕ್ಷಿದಾರರಿಗೆ ಬರೆದ ಪತ್ರದ ಕರಡು, ಮಗಳ ವೈದ್ಯಕೀಯ ವರದಿಯ ಬಗ್ಗೆ ಕೇಳಿದ ಪ್ರಶ್ನೆ, ಸಂಬಳದ ಲೆಕ್ಕ ಎಲ್ಲವೂ ಅದರಲ್ಲಿವೆ. ಉಚಿತ ವರ್ಷ ಮುಗಿದ ಮೇಲೆ ಇದೆಲ್ಲ ಏನಾಗುತ್ತದೆ ಎಂಬ ಚಿಂತೆ ಈಗ ಶುರುವಾಗಿದೆ.

ಚಿಂತೆಗೆ ಬೇರೆ ಕಾರಣಗಳೂ ಇವೆ. ನ್ಯೂಯಾರ್ಕ್ ಟೈಮ್ಸ್ ಹೂಡಿದ ಮೊಕದ್ದಮೆಯಲ್ಲಿ 2025ರ ಮೇ 13ರಂದು ಅಮೆರಿಕದ ನ್ಯಾಯಾಲಯವೊಂದು, ಬಳಕೆದಾರರು ಅಳಿಸಿದ ಚಾಟ್‌ಗಳನ್ನೂ ಉಳಿಸಿಟ್ಟುಕೊಳ್ಳುವಂತೆ ಓಪನ್‌ಎಐಗೆ ಆದೇಶಿಸಿತು. ಸಾಮಾನ್ಯವಾಗಿ ಅಳಿಸಿದ ಚಾಟ್ 30 ದಿನಗಳಲ್ಲಿ ಅಲ್ಲಿಂದ ಹೋಗಬೇಕು. ಆ ಬಾಧ್ಯತೆ ಸೆಪ್ಟೆಂಬರ್ 26ಕ್ಕೆ ಮುಗಿಯಿತಾದರೂ, ‘ಡಿಲೀಟ್’ ಒತ್ತಿದರೆ ಎಲ್ಲವೂ ಹೋಯಿತು ಎಂಬ ನಂಬಿಕೆಗೆ ಪೆಟ್ಟು ಬಿತ್ತು. ಅದೇ ವರ್ಷದ ಜುಲೈ ಕೊನೆಯಲ್ಲಿ, ಜನ ಹಂಚಿಕೊಂಡಿದ್ದ ಸಾವಿರಾರು ಚಾಟ್‌ಗಳು ಗೂಗಲ್ ಹುಡುಕಾಟದಲ್ಲಿ ಸಿಗುತ್ತಿವೆ ಎಂದು ಗೊತ್ತಾದಾಗ, ಓಪನ್‌ಎಐ ಆ ಸೌಲಭ್ಯವನ್ನೇ ತೆಗೆದುಹಾಕಿತು.

ಇಂಥ ಹೊತ್ತಿನಲ್ಲಿ ಚಾಟ್‌ಗಳನ್ನು ನಮ್ಮದೇ ಸಾಧನದಲ್ಲಿ ಉಳಿಸಿಕೊಡುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳಿಗೂ ಆ್ಯಪ್‌ಗಳಿಗೂ ಬೇಡಿಕೆ ಬಂದಿರುವುದು ಸಹಜ. ‘ನಿಮ್ಮ ಡೇಟಾ ನಿಮ್ಮ ಸಾಧನ ಬಿಟ್ಟು ಹೋಗುವುದಿಲ್ಲ’ ಎಂಬ ಸಾಲು ಎಲ್ಲದರ ಮೇಲೂ ಇರುತ್ತದೆ. ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಯಾವ ಎಕ್ಸ್‌ಟೆನ್ಷನ್‌ಗೆ ಅನುಮತಿ ಕೊಡಬಹುದು, ಯಾವುದಕ್ಕೆ ಕೊಡಬಾರದು ಎಂದು ಪರಿಶೀಲಿಸುವುದು ನನ್ನ ಕೆಲಸ. ಆ ಸಾಲನ್ನು ಓದಿದಾಗಲೆಲ್ಲ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಬೇರೆ ಯಾರು ಓದಬಲ್ಲರು? ಇದು ಹೇಗೆ ಕಳೆದುಹೋಗಬಲ್ಲದು? ‘ನಿಮ್ಮ ಸಾಧನದಲ್ಲೇ’ ಎಂಬ ಮಾತು ಎರಡಕ್ಕೂ ಪೂರ್ತಿ ಉತ್ತರ ಕೊಡುವುದಿಲ್ಲ.

ಓದುವ ಕಣ್ಣು, ಕಳಿಸುವ ಕೈ

ಚಾಟ್ ಉಳಿಸುವ ಎಕ್ಸ್‌ಟೆನ್ಷನ್ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಒಂದು, ಪರದೆಯ ಮೇಲೆ ಮೂಡಿದ ಪಠ್ಯವನ್ನು ಪುಟದಿಂದಲೇ ಎತ್ತಿಕೊಳ್ಳುವುದು. ಇನ್ನೊಂದು, ಪುಟ ಮತ್ತು ಸರ್ವರ್ ನಡುವಿನ ಬಾಗಿಲಲ್ಲಿ ನಿಂತು, ಹೋಗುವ ಪ್ರಶ್ನೆಯನ್ನೂ ಬರುವ ಉತ್ತರವನ್ನೂ ಅಲ್ಲೇ ನಕಲು ಮಾಡಿಕೊಳ್ಳುವುದು. ಯಾವ ರೀತಿಯಲ್ಲಾದರೂ ಆ ಪುಟದಲ್ಲಿ ನೀವು ಬರೆದ, ಓದಿದ ಎಲ್ಲವನ್ನೂ ಅದು ಓದಲೇಬೇಕು. ಓದದೆ ಉಳಿಸಲಾಗದು. ಕದಿಯುವವರಿಗೆ ಬೇಕಾದದ್ದೂ ಇದೇ ಅಧಿಕಾರ.

2025ರ ಡಿಸೆಂಬರ್‌ನಲ್ಲಿ ಕೋಯ್ ಸೆಕ್ಯುರಿಟಿ ಎಂಬ ಸಂಸ್ಥೆ ಹೊರತಂದ ವರದಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಅರ್ಬನ್ ವಿಪಿಎನ್ ಎಂಬ ಉಚಿತ ಎಕ್ಸ್‌ಟೆನ್ಷನ್‌ಗೆ ಕ್ರೋಮ್‌ನಲ್ಲಿ ಸುಮಾರು 60 ಲಕ್ಷ ಬಳಕೆದಾರರಿದ್ದರು. ಗೂಗಲ್ ಕೊಡುವ ‘ಫೀಚರ್ಡ್’ ಗುರುತೂ ಅದಕ್ಕಿತ್ತು. ಚಾಟ್ ಉಳಿಸುವುದು ಅದರ ಕೆಲಸವೇ ಆಗಿರಲಿಲ್ಲ. ಆದರೂ ಅದು ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಮುಂತಾದವುಗಳ ಪುಟಗಳಲ್ಲಿ ಬಾಗಿಲ ಬಳಿ ನಿಂತು, ಸಂಭಾಷಣೆಗಳನ್ನು ನಕಲು ಮಾಡಿ ತನ್ನ ಸರ್ವರ್‌ಗೆ ಕಳಿಸುತ್ತಿತ್ತು ಎಂದು ವರದಿ ಹೇಳಿತು. ವಿಪಿಎನ್ ಆಫ್ ಇದ್ದಾಗಲೂ ಈ ಕೆಲಸ ನಿಲ್ಲುತ್ತಿರಲಿಲ್ಲ. ನಾವು ಗಮನಿಸಬೇಕಾದ್ದು ದಿನಾಂಕ. ಈ ಭಾಗ ಸೇರಿದ್ದು 2025ರ ಜುಲೈ 9ರ 5.5.0 ಆವೃತ್ತಿಯಲ್ಲಿ. ಅದಕ್ಕೂ ಮೊದಲೇ ಹಾಕಿಕೊಂಡವರಿಗೆ ಒಂದು ದಿನ ತಾನಾಗಿಯೇ ಅಪ್‌ಡೇಟ್ ಬಂತು, ಅಷ್ಟೇ.

ಅಭಿವೃದ್ಧಿಪಡಿಸಿದವರು ಪ್ರಾಮಾಣಿಕರಾಗಿದ್ದರೂ ಇದು ನಡೆಯಬಹುದು. ಕಂಪನಿಗಳ ಡೇಟಾ ಸೋರದಂತೆ ಕಾಯುವುದೇ ಕಸುಬಾಗಿರುವ ಸೈಬರ್‌ಹೇವನ್ ಸಂಸ್ಥೆಯ ಸಿಬ್ಬಂದಿಯೊಬ್ಬರು 2024ರ ಡಿಸೆಂಬರ್ 24ರಂದು ಒಂದು ವಂಚನೆ ಇಮೇಲ್‌ಗೆ ಬಲಿಯಾದರು. ಮರುದಿನ ಆ ಸಂಸ್ಥೆಯದೇ ಎಕ್ಸ್‌ಟೆನ್ಷನ್‌ನ ಹೆಸರಿನಲ್ಲಿ ಕಳ್ಳ ಆವೃತ್ತಿ ಬಳಕೆದಾರರ ಬ್ರೌಸರ್‌ಗಳಿಗೆ ಇಳಿಯಿತು. ಸುಮಾರು ಒಂದು ದಿನ ಅದು ಸಕ್ರಿಯವಾಗಿತ್ತು.

ಹಾಗಾದರೆ ಅನುಮತಿ ಕೇಳುವ ಕಿಟಕಿ ಯಾಕಿದೆ? ಅದರ ಮಿತಿ ಹೆಚ್ಚಿನವರಿಗೆ ತಿಳಿದಿಲ್ಲ. ‘ಈ ತಾಣದಲ್ಲಿ ಓದಲು ಮತ್ತು ಬದಲಿಸಲು’ ಎಂದು ಕೇಳುವ ಅನುಮತಿ, ಎಕ್ಸ್‌ಟೆನ್ಷನ್ ಎಲ್ಲಿ ಓದಬಹುದು ಎಂಬುದನ್ನು ಕಟ್ಟಿಹಾಕುತ್ತದೆ. ಓದಿದ್ದನ್ನು ಎಲ್ಲಿಗೆ ಕಳಿಸಬಹುದು ಎಂಬುದನ್ನು ಕಟ್ಟಿಹಾಕುವುದಿಲ್ಲ. ಚಾಟ್‌ಜಿಪಿಟಿ ಒಂದಕ್ಕೇ ಅನುಮತಿ ಪಡೆದ ಎಕ್ಸ್‌ಟೆನ್ಷನ್ ಕೂಡ, ಅಲ್ಲಿ ಓದಿದ್ದನ್ನು ತನ್ನ ಒಡೆಯನ ಸರ್ವರ್‌ಗೆ ಸಲೀಸಾಗಿ ಕಳಿಸಬಲ್ಲದು. ಆದರೂ ಚಿಕ್ಕ ಅನುಮತಿಗೆ ಬೆಲೆಯಿದೆ. ಮುಂದೆ ಅದು ಬೇರೆ ತಾಣಗಳನ್ನೂ ಓದಬೇಕೆಂದು ಅಪ್‌ಡೇಟ್ ತಂದರೆ, ಕ್ರೋಮ್ ಅದನ್ನು ನಿಲ್ಲಿಸಿ ನಿಮ್ಮ ಒಪ್ಪಿಗೆ ಕೇಳುತ್ತದೆ. ಮೊದಲೇ ‘ಎಲ್ಲ ತಾಣಗಳು’ ಎಂದು ಒಪ್ಪಿಕೊಂಡಿದ್ದರೆ ಕೇಳಲು ಏನೂ ಉಳಿದಿರುವುದಿಲ್ಲ.

ಹುಬ್ಬಳ್ಳಿ ಅಕ್ಕಾರ ಲ್ಯಾಪ್‌ಟಾಪ್

ನಮ್ಮ ಸೊಸೈಟಿಯಲ್ಲಿ ಹುಬ್ಬಳ್ಳಿ ಮೂಲದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರಿದ್ದಾರೆ. ಜಿಎಸ್‌ಟಿ ನೋಟಿಸ್‌ಗಳಿಗೆ ಉತ್ತರದ ಕರಡು ತಯಾರಿಸಲು ಚಾಟ್‌ಜಿಪಿಟಿ ಬಳಸುತ್ತಾರೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಹಳೆಯದನ್ನು ನನ್ನ ಮುಂದಿಟ್ಟರು. ‘ತಮ್ಮಾ, ಎಲ್ಲಾ ನಿಮ್ಮ ಲ್ಯಾಪ್‌ಟಾಪ್‌ನಾಗ ಇರ್ತದ ಅಂತ ಇದರ ಮ್ಯಾಲ ಬರ್ದಾರ. ಖರೇ ಏನು?’ ಎಂದು ಕೇಳಿದರು. ಒಂದು ವರ್ಷದಿಂದ ಅವರು ಒಂದು ಉಚಿತ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದರು. ಅವರಿಗೆ ಇದು ಬರೀ ಕುತೂಹಲದ ಮಾತಲ್ಲ. ಕಕ್ಷಿದಾರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಬಿಟ್ಟುಕೊಡುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ವೃತ್ತಿ ದುರ್ನಡತೆ.

ಮೊದಲು chrome://extensions ಪುಟ ತೆರೆದು ಅದರ Details ನೋಡಿದೆವು. ಅನುಮತಿ On all sites ಎಂದಿತ್ತು. ಅಂದರೆ ಅದು ಚಾಟ್‌ಜಿಪಿಟಿಯನ್ನಷ್ಟೇ ಅಲ್ಲ, ಜಿಎಸ್‌ಟಿ ಪೋರ್ಟಲ್, ಬ್ಯಾಂಕು, ಇಮೇಲ್ ಎಲ್ಲವನ್ನೂ ಓದಬಹುದಿತ್ತು. ಅಲ್ಲೇ ಇನ್ನೆರಡು ಆಯ್ಕೆಗಳಿವೆ. On specific sites ಎಂದಿಟ್ಟು ಒಂದೇ ತಾಣ ಸೇರಿಸಬಹುದು. On click ಎಂದಿಟ್ಟರೆ ನೀವು ಅದರ ಗುರುತನ್ನು ಒತ್ತಿದಾಗ ಮಾತ್ರ ಆ ಪುಟವನ್ನು ಓದುತ್ತದೆ. ಆಗ ತಾನಾಗಿಯೇ ಉಳಿಸುವ ಸೌಲಭ್ಯ ನಿಲ್ಲುತ್ತದೆ. ಪ್ರತಿ ಸಲ ನೆನಪಿಟ್ಟು ಒತ್ತಬೇಕು.

ನಂತರ ಅದು ಏನಾದರೂ ಹೊರಗೆ ಕಳಿಸುತ್ತಿದೆಯೇ ಎಂದು ನೋಡಿದೆವು. ಅದೇ ಪುಟದಲ್ಲಿ Developer mode ಆನ್ ಮಾಡಿದರೆ ಎಕ್ಸ್‌ಟೆನ್ಷನ್‌ನ ಕೆಳಗೆ service worker ಎಂಬ ಕೊಂಡಿ ಕಾಣುತ್ತದೆ. ಅದನ್ನು ತೆರೆದು Network ಭಾಗ ನೋಡುತ್ತಾ, ಇನ್ನೊಂದು ಕಡೆ ಸುಳ್ಳು ಹೆಸರು, ಸುಳ್ಳು ಅಂಕಿಗಳ ಒಂದು ಚಾಟ್ ಶುರು ಮಾಡಿದೆವು. ಚಾಟ್ ಪುಟದ Network ಭಾಗವನ್ನೂ ತೆರೆದಿಟ್ಟಿದ್ದೆವು, ಏಕೆಂದರೆ ಕೆಲವು ಎಕ್ಸ್‌ಟೆನ್ಷನ್‌ಗಳು ಪುಟದೊಳಗಿಂದಲೇ ಕಳಿಸುತ್ತವೆ. ಅರ್ಧ ಗಂಟೆಯಲ್ಲಿ ಅಪರಿಚಿತ ವಿಳಾಸಕ್ಕೆ ಏನೂ ಹೋಗಲಿಲ್ಲ. ವೈಫೈ ತೆಗೆದು ನೋಡಿದಾಗಲೂ ಹಳೆಯ ಚಾಟ್‌ಗಳು ತೆರೆದವು, ಹುಡುಕಾಟವೂ ನಡೆಯಿತು. ಅಂದರೆ ಪ್ರತಿ ನಿಜವಾಗಿಯೂ ಅವರ ಲ್ಯಾಪ್‌ಟಾಪ್‌ನಲ್ಲೇ ಇತ್ತು.

‘ಅಂದ್ರ ಛಲೋ ಅದ ಅಂದಂಗಾತು’ ಎಂದರು ಅಕ್ಕಾರು. ‘ಇವತ್ತಿನ ಮಟ್ಟಿಗೆ ಛಲೋ ಅದರೀ ಅಕ್ಕಾರ’ ಎಂದೆ. ಈ ಪರೀಕ್ಷೆ ಇವತ್ತಿನ ಆವೃತ್ತಿಗೆ ಮಾತ್ರ ಅನ್ವಯಿಸುತ್ತದೆ. ನಾಳೆ ಬರುವ ಅಪ್‌ಡೇಟ್‌ಗೆ ಯಾರೂ ಹೊಣೆ ಹೊರಲಾರರು.

ಆಮೇಲೆ ಎಣಿಕೆ. ಚಾಟ್‌ಜಿಪಿಟಿಯಿಂದಲೇ ಅವರ ಪೂರ್ತಿ ದತ್ತಾಂಶ ತರಿಸಿ ಹೋಲಿಸಿದಾಗ ಅಲ್ಲಿ 431 ಚಾಟ್‌ಗಳಿದ್ದವು, ಎಕ್ಸ್‌ಟೆನ್ಷನ್‌ನಲ್ಲಿ 312. ಉಳಿದ 119 ಎಲ್ಲಿ ಹೋದವು? ಇಂಥ ಎಕ್ಸ್‌ಟೆನ್ಷನ್ ಪರದೆಯ ಮೇಲೆ ತೆರೆದ ಚಾಟನ್ನು ಮಾತ್ರ ಉಳಿಸುತ್ತದೆ. ಅದನ್ನು ಹಾಕಿಕೊಳ್ಳುವ ಮೊದಲಿನವು, ಫೋನಿನಲ್ಲಿ ಮಾಡಿ ಮತ್ತೆ ಲ್ಯಾಪ್‌ಟಾಪ್‌ನಲ್ಲಿ ತೆರೆಯದವು ಅದಕ್ಕೆ ಕಾಣಿಸಿಯೇ ಇರಲಿಲ್ಲ. ಇನ್ನೊಂದು ಕೊರತೆ ಸೂಕ್ಷ್ಮವಾದದ್ದು. ಒಂದೇ ಪ್ರಶ್ನೆಗೆ ಎರಡನೇ ಸಲ ಉತ್ತರ ಕೇಳಿದರೆ ಪರದೆಯಲ್ಲಿ ಒಂದು ಉತ್ತರವಷ್ಟೇ ಕಾಣುತ್ತದೆ. ಎಕ್ಸ್‌ಟೆನ್ಷನ್ ಉಳಿಸಿದ್ದೂ ಅದನ್ನೇ. ಒಂದು ನೋಟಿಸ್‌ಗೆ ಅವರು ಕೊನೆಗೆ ಬಳಸಿದ ಕರಡು ಮೊದಲನೆಯದು, ಉಳಿದದ್ದು ಎರಡನೆಯದು.

ಕಳೆದುಹೋಗುವ ದಾರಿಗಳು

ಉಳಿಸಿದ ಚಾಟ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲಿರುತ್ತದೆ? ವಿಂಡೋಸ್‌ನಲ್ಲಿ ಕ್ರೋಮ್ ಬಳಸುವವರಿಗೆ ಸಾಮಾನ್ಯವಾಗಿ ಇಲ್ಲಿ, ಎಕ್ಸ್‌ಟೆನ್ಷನ್‌ನ ಗುರುತಿನ ಅಕ್ಷರಗಳಿರುವ ಫೋಲ್ಡರಿನಲ್ಲಿ:

```
%LOCALAPPDATA%\Google\Chrome\User Data\Default\IndexedDB
```

ಆ ಫೋಲ್ಡರ್ ತೆರೆದರೆ ಓದಬಹುದಾದ ಫೈಲ್ ಸಿಗುವುದಿಲ್ಲ. ಅದು ಬ್ರೌಸರ್‌ನ ಒಳಗಿನ ಉಗ್ರಾಣ. ಎಕ್ಸ್‌ಟೆನ್ಷನ್ ಇರುವವರೆಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಬ್ರೌಸರ್ ಹಿಸ್ಟರಿ ಅಳಿಸಿದರೆ ಎಕ್ಸ್‌ಟೆನ್ಷನ್‌ನ ಉಗ್ರಾಣಕ್ಕೆ ಏನೂ ಆಗದು. ಆದರೆ ಎಕ್ಸ್‌ಟೆನ್ಷನ್ ತೆಗೆದುಹಾಕಿದರೆ ಉಗ್ರಾಣವೂ ಜೊತೆಗೇ ಹೋಗುತ್ತದೆ, ಮರಳಿ ಹಾಕಿಕೊಂಡರೆ ಖಾಲಿಯಾಗಿರುತ್ತದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಗೂಗಲ್ ಖಾತೆಯಿಂದ ಲಾಗಿನ್ ಆದರೆ ಎಕ್ಸ್‌ಟೆನ್ಷನ್ ಬರುತ್ತದೆ, ಅದರೊಳಗಿನ ಚಾಟ್‌ಗಳು ಬರುವುದಿಲ್ಲ. ಅಕ್ಕಾರು ಹಳೆಯ ಲ್ಯಾಪ್‌ಟಾಪನ್ನು ವಿನಿಮಯಕ್ಕೆ ಕೊಡುವ ಮೊದಲು ಕೇಳಿದ್ದು ಒಳ್ಳೆಯದಾಯಿತು.

ಎಕ್ಸ್‌ಟೆನ್ಷನ್ ಬೇಡವೆಂದು, ಬ್ರೌಸರ್‌ನಲ್ಲೇ ಓಡುವ ಆ್ಯಪ್ ಬಳಸುವವರಿಗೆ ಇನ್ನೂ ಎಚ್ಚರ ಬೇಕು. ಆಗ ಚಾಟ್ ಇರುವುದು ಆ ತಾಣದ ಹೆಸರಿನ ಉಗ್ರಾಣದಲ್ಲಿ. ಕ್ರೋಮ್‌ನಲ್ಲಿ ‘ಕುಕೀಸ್ ಮತ್ತು ತಾಣದ ಡೇಟಾ’ ಅಳಿಸಿದರೆ ಅದೂ ಹೋಗುತ್ತದೆ. ಐಫೋನ್‌ನ ಸಫಾರಿಯಲ್ಲಿ 2020ರಿಂದ ಒಂದು ನಿಯಮವಿದೆ. ಸಫಾರಿಯನ್ನು ಬಳಸುತ್ತಾ ಏಳು ದಿನ ಆ ತಾಣವನ್ನು ಮುಟ್ಟದಿದ್ದರೆ, ಅದು ಇಟ್ಟುಕೊಂಡ ಡೇಟಾವನ್ನು ಸಫಾರಿ ಅಳಿಸುತ್ತದೆ. ಜಾಹೀರಾತಿನ ಬೇಹುಗಾರಿಕೆ ತಡೆಯಲು ತಂದ ನಿಯಮವಿದು. ದಸರೆಗೆ ಊರಿಗೆ ಹೋಗಿ ಹತ್ತು ದಿನ ಆ ಆ್ಯಪ್ ತೆರೆಯದೆ ಬಂದವರ ಚಾಟ್‌ಗಳೂ ಅದರಲ್ಲಿ ಸಿಕ್ಕಿಕೊಳ್ಳಬಹುದು. ತಾಣವನ್ನು ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡರೆ ಈ ಅಪಾಯ ತಪ್ಪುತ್ತದೆ.

ಬರೀ ಫೈಲ್ ಆಗಿ ಇಡುವ ದಾರಿ

2019ರಲ್ಲಿ ಇಂಕ್ ಅಂಡ್ ಸ್ವಿಚ್ ಎಂಬ ಸಂಶೋಧನಾ ಗುಂಪು ‘ಲೋಕಲ್ ಫಸ್ಟ್’ ಎಂಬ ಹೆಸರಿನಲ್ಲಿ ಒಂದು ಪ್ರಬಂಧ ಹೊರತಂದಿತು. ಮುಖ್ಯ ಪ್ರತಿ ನಿಮ್ಮ ಸಾಧನದಲ್ಲಿರಬೇಕು, ಇಂಟರ್ನೆಟ್ ಇಲ್ಲದೆ ತೆರೆಯಬೇಕು, ಮಾಡಿದ ಕಂಪನಿ ಮುಚ್ಚಿದರೂ ಓದಲು ಬರಬೇಕು ಎಂಬುದು ಅದರ ಸಾರ. ಈ ಕೊನೆಯ ಷರತ್ತಿನಲ್ಲಿ ಅಕ್ಕಾರ ಎಕ್ಸ್‌ಟೆನ್ಷನ್ ಸೋಲುತ್ತದೆ. ಸಾಮಾನ್ಯ ಪಠ್ಯದ ಫೈಲ್‌ಗಳು ಗೆಲ್ಲುತ್ತವೆ.

ಅವರಿಗೆ ನಾನು ಸೂಚಿಸಿದ್ದು ಹೀಗೆ. ಚಾಟ್‌ಜಿಪಿಟಿಯಲ್ಲಿ Settings, ಅದರಲ್ಲಿ Data controls, ಅದರಲ್ಲಿ Export data ಒತ್ತಿದರೆ ಇಮೇಲ್‌ಗೆ ಒಂದು ಕೊಂಡಿ ಬರುತ್ತದೆ. ಅದು 24 ಗಂಟೆ ಮಾತ್ರ ಕೆಲಸ ಮಾಡುತ್ತದೆ. ಇಳಿಸಿಕೊಂಡ ಜಿಪ್ ಫೈಲಿನಲ್ಲಿ ಎರಡು ಮುಖ್ಯ. chat.html ಅನ್ನು ಯಾವ ಬ್ರೌಸರ್‌ನಲ್ಲಾದರೂ ತೆರೆದು ಓದಬಹುದು. conversations.json ಓದಲು ಕಷ್ಟ, ಆದರೆ ಎರಡನೇ ಸಲ ಕೇಳಿದ ಉತ್ತರಗಳೂ ಸೇರಿ ಎಲ್ಲ ಕವಲುಗಳೂ ಅದರಲ್ಲೇ ಇವೆ. ಕಳೆದುಹೋಗಿದ್ದ ಮೊದಲ ಕರಡು ನಮಗೆ ಸಿಕ್ಕಿದ್ದು ಅಲ್ಲೇ. ತಿಂಗಳಿಗೊಮ್ಮೆ ಹೀಗೆ ತರಿಸಿಕೊಳ್ಳುವುದು, ಮುಖ್ಯವಾದ ಹತ್ತು ಹನ್ನೆರಡು ಚಾಟ್‌ಗಳನ್ನು ಮಾತ್ರ ಕಕ್ಷಿದಾರರ ಹೆಸರಿನ ಫೋಲ್ಡರ್‌ನಲ್ಲಿ ಪಠ್ಯವಾಗಿ ಇಡುವುದು. ಅಬ್ಸಿಡಿಯನ್‌ನಂಥ ಆ್ಯಪ್ ಆ ಫೋಲ್ಡರನ್ನೇ ತೆರೆದು ಹುಡುಕಲು ಅನುಕೂಲ ಮಾಡಿಕೊಡುತ್ತದೆ. ನಾಳೆ ಆ ಆ್ಯಪ್ ಬೇಡವಾದರೂ ಫೈಲ್‌ಗಳು ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತವೆ.

ಈ ದಾರಿಗೂ ಬೆಲೆ ಇದೆ. ತಿಂಗಳ ನಡುವೆ ಅಳಿಸಿದ ಚಾಟ್ ಇದರಲ್ಲಿ ಸಿಗದು. ಚಾಟ್‌ಜಿಪಿಟಿಯ ‘ಟೆಂಪರರಿ ಚಾಟ್’ ಇತಿಹಾಸದಲ್ಲೇ ದಾಖಲಾಗುವುದಿಲ್ಲವಾದ್ದರಿಂದ ಅದನ್ನು ಕೈಯಾರೆ ನಕಲಿಸಬೇಕು, ಇಲ್ಲವೇ On click ಎಂದಿಟ್ಟ ಎಕ್ಸ್‌ಟೆನ್ಷನ್‌ನಿಂದ ಹಿಡಿಯಬೇಕು. ಎಕ್ಸ್‌ಟೆನ್ಷನ್ ನಿಜವಾಗಿ ಬೇಕಾಗುವ ಜಾಗ ನನ್ನ ಮಟ್ಟಿಗೆ ಇದೊಂದೇ.

ಇನ್ನು ಕಾವಲು. ಕಂಪನಿಯ ಸರ್ವರ್ ಕಾಯಲು ಅವರ ಜನರಿದ್ದಾರೆ. ನಿಮ್ಮ ಫೋಲ್ಡರ್ ಕಾಯುವವರು ನೀವೇ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಲ್ಯಾಪ್‌ಟಾಪ್ ಚೀಲ ಹೋದರೆ, ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ ಕಕ್ಷಿದಾರರ ಪ್ಯಾನ್ ಸಂಖ್ಯೆ, ವಹಿವಾಟು ಎಲ್ಲ ಸಿಕ್ಕವರ ಪಾಲು. ಲಾಗಿನ್ ಪಾಸ್‌ವರ್ಡ್ ಒಂದೇ ಸಾಲದು, ಏಕೆಂದರೆ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿದರೆ ಅದು ಅಡ್ಡ ಬರುವುದಿಲ್ಲ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಆನ್ ಇದೆಯೇ ನೋಡಬೇಕು. ಎರಡನೇ ಪ್ರತಿ ಒಂದು ಎನ್‌ಕ್ರಿಪ್ಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ ಮನೆಯಲ್ಲಿರಬೇಕು. ಫೋಲ್ಡರನ್ನು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ತಾವಾಗಿಯೇ ಒನ್‌ಡ್ರೈವ್‌ಗೆ ಏರುತ್ತಿರುತ್ತವೆ. ಒಂದು ಕಂಪನಿಯ ಸರ್ವರ್‌ನಿಂದ ತಂದದ್ದನ್ನು ಇನ್ನೊಂದು ಕಂಪನಿಯ ಸರ್ವರ್‌ಗೆ ಏರಿಸಿ ‘ನನ್ನ ಹತ್ತಿರವೇ ಇದೆ’ ಎಂದುಕೊಳ್ಳುವವರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ಮತ್ತೊಂದು ಮಾತು ಸ್ಪಷ್ಟವಿರಬೇಕು. ನಮ್ಮ ಬಳಿ ಪ್ರತಿ ಇಟ್ಟುಕೊಂಡರೆ ಕಂಪನಿಯ ಬಳಿ ಇರುವ ಪ್ರತಿ ಕಡಿಮೆಯಾಗುವುದಿಲ್ಲ. ಎರಡು ಪ್ರತಿಗಳಾಗುತ್ತವೆ, ಅಷ್ಟೇ. ಕಕ್ಷಿದಾರರು ‘ನಮ್ಮದನ್ನು ಅಳಿಸಿ’ ಎಂದರೆ ಚಾಟ್‌ಜಿಪಿಟಿ, ಲ್ಯಾಪ್‌ಟಾಪ್, ಪೆನ್‌ಡ್ರೈವ್ ಮೂರೂ ಕಡೆ ಅಳಿಸಬೇಕು. ಕಂಪನಿಗೆ ಒಂದು ಪದವೂ ಹೋಗಬಾರದು ಎಂದರೆ ಮಾದರಿಯನ್ನೇ ನಿಮ್ಮ ಕಂಪ್ಯೂಟರ್‌ನಲ್ಲಿ ಓಡಿಸುವ ಎಲ್‌ಎಂ ಸ್ಟುಡಿಯೊ, ಒಲಾಮಾದಂಥವು ಇವೆ. ಎಂಟು ಶತಕೋಟಿ ಪ್ಯಾರಾಮೀಟರ್‌ಗಳ ಮಾದರಿಯನ್ನು ಕುಗ್ಗಿಸಿದರೂ ಸುಮಾರು 5 ಜಿಬಿ ಮೆಮೊರಿ ಬೇಡುತ್ತದೆ. 8 ಜಿಬಿಯ ಲ್ಯಾಪ್‌ಟಾಪ್‌ನಲ್ಲಿ ಅದು ಏದುಸಿರು ಬಿಡುತ್ತದೆ, ಉತ್ತರದ ಗುಣಮಟ್ಟವೂ ಕಡಿಮೆ.

ಕಾನೂನು ಬಿಟ್ಟ ಖಾಲಿ ಜಾಗ

ಇಷ್ಟೆಲ್ಲ ಸರ್ಕಸ್ ಬಳಕೆದಾರರೇ ಯಾಕೆ ಮಾಡಬೇಕು? ನಮ್ಮ ಡೇಟಾವನ್ನು ಬಳಸಲು ಬರುವ ರೂಪದಲ್ಲಿ ಮರಳಿ ಪಡೆಯುವ, ಬೇರೆ ಕಂಪನಿಗೆ ಒಯ್ಯುವ ಹಕ್ಕು 2019ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಕೈಬಿಡಲಾಯಿತು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಬಳಕೆದಾರರ ಹಕ್ಕುಗಳು ಜಾರಿಗೆ ಬರುವುದು ಅದಾದ 18 ತಿಂಗಳಿಗೆ. ಆಗಲೂ ನಮಗೆ ಸಿಗುವುದು ಕಂಪನಿಯ ಬಳಿ ಏನಿದೆ ಎಂಬುದರ ಸಾರಾಂಶ, ತಿದ್ದುವ ಮತ್ತು ಅಳಿಸುವ ಹಕ್ಕು. ಪೂರ್ತಿ ಪ್ರತಿ ಕೇಳುವ ಹಕ್ಕು ಇಲ್ಲ. ಐರೋಪ್ಯ ಒಕ್ಕೂಟದ ಜಿಡಿಪಿಆರ್ ಕಾನೂನು 2018ರಿಂದ ಅಲ್ಲಿನವರಿಗೆ ಆ ಹಕ್ಕು ಕೊಟ್ಟಿದೆ.

ಹಾಗಾಗಿ ಇವತ್ತು ನಾವು ಒತ್ತುವ Export data ಗುಂಡಿ ಭಾರತದ ಮಟ್ಟಿಗೆ ಕಂಪನಿಯ ಸೌಜನ್ಯ. ಅದು ತೆಗೆದರೆ ಕೇಳುವಂತಿಲ್ಲ. ಆ ಖಾಲಿ ಜಾಗವನ್ನೇ ಉಚಿತ ಎಕ್ಸ್‌ಟೆನ್ಷನ್‌ಗಳು ತುಂಬುತ್ತಿವೆ, ಒಳ್ಳೆಯವೂ ಕೆಟ್ಟವೂ. ಕಾಯ್ದೆಯ ತಿದ್ದುಪಡಿಯ ಮಾತು ಬಂದಾಗ ಬೆಂಗಳೂರಿನ ಐಟಿ ವಲಯವೂ ಹೊರನಾಡಿನ ವೃತ್ತಿಪರರೂ ಮೊದಲು ಕೇಳಬೇಕಾದ್ದು ಈ ಹಕ್ಕನ್ನು. ಅಲ್ಲಿಯವರೆಗೆ ಗುಂಡಿ ಇರುವಾಗಲೇ ಒತ್ತಿ, ಬಂದ ಜಿಪ್ ಫೈಲನ್ನು ಎನ್‌ಕ್ರಿಪ್ಟ್ ಆದ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಈಗಾಗಲೇ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದರೆ ಅದರ Details ಪುಟವನ್ನು ಇವತ್ತೇ ಒಮ್ಮೆ ತೆರೆದು ನೋಡಿ.